ಅಷ್ಟೂರಿನ ಉರುಸು ಸಂವಾದವೇ? ರಿವ್ಯೂವರ್‌ಗಳಿಗೆ ಅಂಶವಾರು ಉತ್ತರ ಬರೆದ ಬಗೆ

ಬೀದರ್ ಪಟ್ಟಣದ ಪೂರ್ವಕ್ಕೆ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಂಬಜ್‌ಗಳ ಸಾಲಿದೆ. ಅದರಲ್ಲಿ 1422ರಿಂದ 1436ರವರೆಗೆ ಆಳಿದ ಅಹಮದ್ ಶಾ ವಲಿಯ ಗೋರಿಗೆ ಪ್ರತಿವರ್ಷ ಹೋಳಿಯ ನಂತರ ಉರುಸು ಆಗುತ್ತದೆ. ಉರುಸಿನ ದಿನ ಗೊತ್ತಾಗುವುದು ಹಿಜರಿ ಲೆಕ್ಕದಿಂದಲ್ಲ, ಹಿಂದೂ ಪಂಚಾಂಗದಿಂದ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ಭಕ್ತರೊಂದಿಗೆ ನಡೆದು ಬರುತ್ತಾರೆ, ಶಂಖ ಊದುತ್ತಾರೆ, ಗೋರಿಗೆ ಹೂ ಏರಿಸುತ್ತಾರೆ. ಮುಸ್ಲಿಮರಿಗೆ ಆತ ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಈ ಉರುಸನ್ನು ಅಂತರ್ಧರ್ಮೀಯ ಸಂವಾದದ ಒಂದು ರೂಪವಾಗಿ ಓದಬಹುದು ಎಂದು ನಾವಿಬ್ಬರು ಬರೆದ ಲೇಖನಕ್ಕೆ ಒಂದು ಇಂಗ್ಲಿಷ್ ಜರ್ನಲ್‌ನಿಂದ ‘ಮೇಜರ್ ರಿವಿಜನ್’ ಬಂತು, ಅಂದರೆ ಲೇಖನ ಓದಿದ ರಿವ್ಯೂವರ್‌ಗಳ ಪ್ರಶ್ನೆಗಳಿಗೆ ತಕ್ಕಂತೆ ಚೆನ್ನಾಗಿ ತಿದ್ದಿ ಮತ್ತೆ ಕಳಿಸಿ ಎಂದರು. ಲೇಖನವನ್ನು ತಿದ್ದುವುದಕ್ಕಿಂತ ಜಾಸ್ತಿ ಯೋಚನೆ ಬೇಡಿದ್ದು ಅದರ ಜೊತೆ ಕೊಡಬೇಕಾದ ಅಂಶವಾರು ಉತ್ತರ ಪತ್ರ. ಆ ಪತ್ರ ಹೇಗೆ ಕಟ್ಟಿದೆವು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಉತ್ತರಗಳು ಇಂಗ್ಲಿಷ್‌ನಲ್ಲಿದ್ದವು, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ.

ಈ ವಿಷಯದ ಲೇಖನಗಳು ಸಾಮಾನ್ಯವಾಗಿ ಎರಡು ಬೇರೆ ಶಿಸ್ತಿನವರ ಕೈಗೆ ಹೋಗುತ್ತವೆ. ನಮ್ಮಲ್ಲೂ ಹಾಗೇ ಆಯಿತು. ಒಂದನೇ ರಿವ್ಯೂವರ್ ಧರ್ಮಶಾಸ್ತ್ರದ ಕಡೆಯವರು, ಎರಡನೆಯವರು ಮಾನವಶಾಸ್ತ್ರದ ಕಡೆಯವರು ಎಂದು ಅವರ ಪ್ರಶ್ನೆಗಳಿಂದಲೇ ತಿಳಿಯುತ್ತಿತ್ತು. ಮೊದಲನೆಯವರಿಗೆ ಸಂವಾದ ಎಂದರೆ ಎರಡು ಧರ್ಮದ ತಿಳಿದವರು ಎದುರುಬದುರು ಕೂತು ತಮ್ಮ ನಂಬಿಕೆಯ ಬಗ್ಗೆ ಮಾತಾಡುವುದು. ಎರಡನೆಯವರಿಗೆ ಅದು ಜಾಗದ ಮೇಲಿನ ಹಕ್ಕು, ಯಾರು ಮೊದಲು, ಯಾರು ಆಮೇಲೆ ಎಂಬ ಚೌಕಾಸಿ. ಇಬ್ಬರಿಗೂ ಬೇರೆ ಬೇರೆ ಲೇಖನ ಬರೆದಂತೆ ಉತ್ತರಿಸಿದರೆ ಲೇಖನ ಎರಡು ಹೋಳಾಗುತ್ತದೆ. ಒಂದೇ ವ್ಯಾಖ್ಯೆಯ ಮೇಲೆ ಇಬ್ಬರನ್ನೂ ನಿಲ್ಲಿಸುವುದು ಪತ್ರದ ಮೊದಲ ಕೆಲಸ ಎಂದು ತೀರ್ಮಾನಿಸಿಕೊಂಡೆವು.

ಆದರೆ ಅದಕ್ಕೂ ಮುಂಚೆ ಕೊಯ್ಯುವ ಕೆಲಸವಿದೆ. ರಿವ್ಯೂವರ್ ಒಂದು ಪ್ಯಾರಾ ಬರೆದರೆ ಅದರಲ್ಲಿ ಮೂರು ಬೇಡಿಕೆ ಅಡಗಿರಬಹುದು. ಒಂದನೇ ರಿವ್ಯೂವರ್‌ ಅವರ ಎರಡನೇ ಪ್ಯಾರಾದಲ್ಲಿ ಹೀಗಿತ್ತು: ಸಂವಾದದ ವ್ಯಾಖ್ಯೆ ಸಡಿಲವಾಗಿದೆ, ಅಂತರ್ಧರ್ಮೀಯ ಸಂವಾದದ ಬಗ್ಗೆ ಬರೆದ ಕ್ಯಾಥರೀನ್ ಕಾರ್ನೀಲ್ ಅವರನ್ನು ಓದಿಲ್ಲವೆಂದು ಕಾಣುತ್ತದೆ, ಮತ್ತು ಕೊನೆಯಲ್ಲಿ, ಹೇಳಿ ಬಿಟ್ಟಂತೆ, ಜಂಗಮರ ಮಾತುಗಳನ್ನು ಯಾರ ಒಪ್ಪಿಗೆಯಿಂದ ಅಚ್ಚಿಗೆ ಹಾಕಿದ್ದೀರಿ? ಮೊದಲ ಎರಡಕ್ಕೆ ಉದ್ದ ಉತ್ತರ ಬರೆದು ಮೂರನೆಯದನ್ನು ಮರೆತರೆ ಎರಡನೇ ಸುತ್ತಿನಲ್ಲಿ ಅದೇ ದೊಡ್ಡದಾಗಿ ಬರುತ್ತದೆ. ಹಾಗಾಗಿ ಪ್ರತಿ ವಾಕ್ಯವನ್ನೂ ಬೇರೆ ಮಾಡಿ 1.1, 1.2, 1.3 ಎಂದು ಸಂಖ್ಯೆ ಕೊಟ್ಟೆವು. ಎರಡನೆಯವರದು 2.1ರಿಂದ. ರಿವ್ಯೂವರ್ ಮಾತನ್ನು ಒಂದಕ್ಷರ ಬದಲಿಸದೆ ಹಾಗೇ ಇಟ್ಟೆವು. ಹೊಗಳಿಕೆಯ ವಾಕ್ಯಕ್ಕೂ ಒಂದು ಸಂಖ್ಯೆ ಕೊಟ್ಟು ಒಂದು ಸಾಲಿನ ಧನ್ಯವಾದ ಬರೆದೆವು. ಅದನ್ನು ಕೈಬಿಟ್ಟರೆ ಪೂರ್ತಿ ಮಾತು ಉಳಿದಿದೆಯೇ ಎಂದು ಸಂಪಾದಕರು ಹೋಲಿಸಿ ನೋಡುವಾಗ ತೊಡಕಾಗುತ್ತದೆ.

ಪತ್ರದಲ್ಲಿ ಸಂಖ್ಯೆಯ ಕ್ರಮ ಇರಬೇಕು, ಕೆಲಸ ಮಾತ್ರ ಆ ಕ್ರಮದಲ್ಲಿ ಆಗುವುದಿಲ್ಲ. ಯಾವ ಅಂಶ ಬದಲಾದರೆ ಉಳಿದವು ಅಲುಗುತ್ತವೋ ಅದನ್ನು ಮೊದಲು ಹಿಡಿಯಬೇಕು. ನಮ್ಮಲ್ಲಿ ಅದು 2.1 ಆಗಿತ್ತು: ‘ಲೇಖಕರು ವರ್ಣಿಸುತ್ತಿರುವುದು ಸಹಬಾಳ್ವೆ. ಒಂದೇ ಗೋರಿಗೆ ಇಬ್ಬರು ನಮಸ್ಕರಿಸಿದರೆ ಅದು ಸಂವಾದವಾಗುವುದಿಲ್ಲ. ಯಾರು ಯಾರೊಂದಿಗೆ ಏನು ಮಾತಾಡಿದರು?’

ಇಂಥ ಪ್ರಶ್ನೆಗೆ ‘ವ್ಯಾಖ್ಯೆಯನ್ನು ಈಗ ಸ್ಪಷ್ಟಪಡಿಸಲಾಗಿದೆ’ ಎಂದು ಬರೆದರೆ ಅದು ಉತ್ತರವಲ್ಲ. ರಿವ್ಯೂವರ್ ಲೇಖನ ತೆರೆದು ಹುಡುಕಬೇಕಾಗುತ್ತದೆ, ಸಿಗದಿದ್ದರೆ ಸಿಟ್ಟಾಗುತ್ತಾರೆ. ಒಳ್ಳೆಯ ಉತ್ತರದಲ್ಲಿ ಮೂರು ಸಂಗತಿ ಇರುತ್ತವೆ: ಅವರ ಮಾತಿನಲ್ಲಿ ನಾವು ಒಪ್ಪುವುದು ಯಾವುದು, ಲೇಖನದಲ್ಲಿ ಬದಲಾದದ್ದು ಏನು, ಮತ್ತು ಬದಲಾದ ವಾಕ್ಯವೇ ಅಲ್ಲಿ ಇರುವುದು. 2.1ಕ್ಕೆ ಕೊನೆಗೆ ನಿಂತ ಉತ್ತರ ಇದು:

‘ಒಪ್ಪುತ್ತೇವೆ. ಒಂದೇ ಜಾಗದಲ್ಲಿ ಸೇರುವುದನ್ನೇ ಸಂವಾದವೆಂದು ಕರೆಯುವ ವಾಕ್ಯಗಳನ್ನು ತೆಗೆದಿದ್ದೇವೆ. 1984 ಮತ್ತು 1991ರ ವ್ಯಾಟಿಕನ್ ದಾಖಲೆಗಳು ಸಂವಾದವನ್ನು ನಾಲ್ಕಾಗಿ ವಿಂಗಡಿಸುತ್ತವೆ: ಬದುಕಿನ ಸಂವಾದ, ಕಾರ್ಯದ ಸಂವಾದ, ಧರ್ಮಶಾಸ್ತ್ರೀಯ ವಿನಿಮಯ, ಧಾರ್ಮಿಕ ಅನುಭವದ ಸಂವಾದ. ಲೇಖನ ಈಗ ಎರಡನೆಯದನ್ನು ಮಾತ್ರ ಹೇಳಿಕೊಳ್ಳುತ್ತದೆ. ಇದಕ್ಕೆ ಆಧಾರ ಉರುಸಿನ ದಿನದ ದೃಶ್ಯವಲ್ಲ, ಉರುಸಿಗೆ ಮುಂಚಿನ ಮಾತುಕತೆ: ದಿನ ನಿಗದಿ, ಒಳಗೆ ಹೋಗುವ ಕ್ರಮ, ಊಟದ ವ್ಯವಸ್ಥೆ. ಹೊಸ ವಾಕ್ಯ ಹೀಗಿದೆ: “ಇಲ್ಲಿ ಸಂವಾದ ಎಂದರೆ, ಬೇರೆ ಬೇರೆ ಅಧಿಕಾರ ಇರುವ ಇಬ್ಬರು ಒಂದು ಆಚರಣೆ ನಡೆಸಲು ಪರಸ್ಪರ ಕೇಳಿ, ಹೇಳಿ, ಬಿಟ್ಟುಕೊಟ್ಟು ತಲುಪುವ ಒಪ್ಪಂದ.”’

ಇಷ್ಟು ಬರೆದ ಮೇಲೆ ಲೇಖನದಲ್ಲಿ ಬಹಳಷ್ಟು ಅಲುಗಿತು. ಉರುಸಿನ ದಿನದ ವರ್ಣನೆ ಅರ್ಧಕ್ಕೆ ಇಳಿಯಿತು. ಟಿಪ್ಪಣಿ ಪುಸ್ತಕದಲ್ಲಿ ಉಳಿದಿದ್ದ, ‘ಇದೆಲ್ಲ ವ್ಯವಸ್ಥೆಯ ಮಾತು’ ಎಂದು ಮೊದಲ ಕರಡಿನಲ್ಲಿ ಬಳಸಿರದ ಭಾಗ ಮುಂದಕ್ಕೆ ಬಂತು. ಸಂವಾದದ ಅಧ್ಯಯನಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಕುತ್ತು. ಕಣ್ಣಿಗೆ ಚೆಂದ ಕಾಣುವ ಆಚರಣೆಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಅದು ನಡೆಯಲು ಯಾರು ಯಾರಿಗೆ ಸುದ್ದಿ ಕಳಿಸಿದರು ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ತಮ್ಮ ಲೇಖನದಲ್ಲಿ ಹೀಗಾಗಿದೆಯೇ ಎಂದು ಗುರುತಿಸಲು ಸುಲಭ ದಾರಿಯಿದೆ. ‘ಸಂವಾದ’ ಎಂಬ ಪದ ಬರುವ ಪ್ರತಿ ವಾಕ್ಯದಲ್ಲಿ ಆ ಪದ ತೆಗೆದು ‘ಸಹಬಾಳ್ವೆ’ ಹಾಕಿ ಓದಿ. ಅರ್ಥ ಕೆಡದಿದ್ದರೆ ಆ ವಾಕ್ಯದಲ್ಲಿ ಸಂವಾದಕ್ಕೆ ಆಧಾರ ಇಲ್ಲ ಎಂದೇ ಅರ್ಥ.

2.2 ಇನ್ನೂ ಗಟ್ಟಿಯಾದದ್ದು. ಮಾನವಶಾಸ್ತ್ರಜ್ಞ ರಾಬರ್ಟ್ ಹೇಡನ್ 2002ರಲ್ಲಿ ‘ಕರೆಂಟ್ ಆಂಥ್ರೊಪಾಲಜಿ’ಯಲ್ಲಿ ದಕ್ಷಿಣ ಏಷ್ಯಾ ಮತ್ತು ಬಾಲ್ಕನ್ ಪ್ರದೇಶದ ಹಂಚಿಕೊಂಡ ಪುಣ್ಯಸ್ಥಳಗಳ ಬಗ್ಗೆ ಬರೆದ ಲೇಖನ ಈ ಕ್ಷೇತ್ರದಲ್ಲಿ ಎಲ್ಲರೂ ಎದುರಿಸಬೇಕಾದ ವಾದ. ಒಂದೇ ಸ್ಥಳವನ್ನು ಹಂಚಿಕೊಳ್ಳುವುದು ಮನಸಾರೆ ಒಪ್ಪಿಕೊಂಡದ್ದಕ್ಕೆ ಸಾಕ್ಷಿಯಲ್ಲ, ಅದು ಪೈಪೋಟಿಯೂ ಆಗಿರಬಹುದು. ಒಬ್ಬರ ಕೈ ಮೇಲಿರುವವರೆಗೆ ಇನ್ನೊಬ್ಬರು ತಾಳಿಕೊಂಡಿರುತ್ತಾರೆ ಎಂಬುದು ಅವರ ವಾದದ ತಿರುಳು. ರಿವ್ಯೂವರ್ ಅದನ್ನು ಮುಂದಿಟ್ಟು, ‘ಅಷ್ಟೂರು ಹೇಡನ್ ಮಾದರಿಗೆ ಹೊರತು ಎಂದು ಲೇಖಕರು ಯಾಕೆ ಭಾವಿಸುತ್ತಾರೆ? ಪಕ್ಕದ ಜಿಲ್ಲೆಯ ಆಳಂದವನ್ನು ಯಾಕೆ ಹೆಸರಿಸಿಲ್ಲ?’ ಎಂದು ಕೇಳಿದ್ದರು.

ನಮ್ಮ ಭಾಗದವರಿಗೆ ಆ ಎರಡನೇ ಪ್ರಶ್ನೆ ಚುಚ್ಚುತ್ತದೆ. ಆಳಂದದ ಲಾಡ್ಲೆ ಮಶಾಕ್ ದರ್ಗಾ ಆವರಣದಲ್ಲಿರುವ ಶಿವಲಿಂಗದ ಪೂಜೆಯ ವಿಷಯ ಹೈಕೋರ್ಟ್‌ವರೆಗೆ ಹೋಗಿದೆ. ಉರುಸಿಗೆ ಜಂಗಮರು ಹೊರಡುವುದೂ ಅದೇ ಕಲಬುರಗಿ ಜಿಲ್ಲೆಯಿಂದ. ಅಷ್ಟೂರಿನ ಬಗ್ಗೆ ಮಾತ್ರ ಬರೆದು ಆಳಂದದ ಬಗ್ಗೆ ಸುಮ್ಮನಿದ್ದರೆ ಓದುಗರಿಗೆ ಅರ್ಧ ಚಿತ್ರ ಕೊಟ್ಟಂತೆ. ಇಲ್ಲಿ ಎರಡು ಕಡೆ ಜಾರುವ ಅಪಾಯವಿದೆ. ಒಂದು, ರಿವ್ಯೂವರ್‌ಗೆ ಹೆದರಿ ಹೇಡನ್ ಹೇಳಿದ್ದೇ ಸರಿ ಎಂದು ಇಡೀ ವಾದವನ್ನು ಕೆಳಗಿಡುವುದು. ಇನ್ನೊಂದು, ‘ನಮ್ಮ ನೆಲದ ಸೌಹಾರ್ದ ಹೊರಗಿನವರಿಗೆ ಅರ್ಥವಾಗದು’ ಎಂಬ ಧಾಟಿ ಹಿಡಿಯುವುದು. ಎರಡನೆಯದು ಮನಸ್ಸಿಗೆ ಹಿತವೆನಿಸುತ್ತದೆ, ಆದರೆ ಅದರಲ್ಲಿ ವಾದ ಇರುವುದಿಲ್ಲ.

ನಾವು ಹಿಡಿದ ದಾರಿ ಹೇಡನ್ ವಾದವನ್ನು ಪರೀಕ್ಷೆಯಾಗಿ ಬದಲಿಸುವುದು. ಅವರ ಮಾತು ಅಷ್ಟೂರಿಗೆ ಅನ್ವಯಿಸುವುದಾದರೆ ಅಲ್ಲಿ ಏನೇನು ಕಾಣಬೇಕು? ಆಡಳಿತ ಯಾರದು ಎಂಬುದರ ಮೇಲೆ ತಕರಾರು, ಕಟ್ಟಡಕ್ಕೆ ಒಂದು ಕಡೆಯವರು ಮಾಡಿದ ಬದಲಾವಣೆ, ಹೆಸರು ಫಲಕದ ಮೇಲೆ ಜಗಳ, ಮೊದಲು ಒಳಗೆ ಹೋಗುವ ಹಕ್ಕಿನ ಮೇಲೆ ದೂರು. ಒಂದೊಂದಕ್ಕೂ ನಮ್ಮ ಬಳಿ ಏನು ಸಾಕ್ಷಿ ಇದೆ, ಏನಿಲ್ಲ ಎಂದು ಎರಡು ಪ್ಯಾರಾ ಬರೆದೆವು. ಗುಂಬಜ್ ಸಂರಕ್ಷಿತ ಸ್ಮಾರಕವಾದ್ದರಿಂದ ಕಟ್ಟಡ ಬದಲಾವಣೆಯ ಮಾನದಂಡ ಇಲ್ಲಿ ಕೆಲಸ ಮಾಡುವುದಿಲ್ಲ. ಯಾವ ಕಡೆಯವರೂ ಅಲ್ಲಿ ಒಂದು ಇಟ್ಟಿಗೆ ಇಡಲಾರರು. ಜಗಳ ಕಾಣದಿರುವುದು ಕಾನೂನಿನ ಕಾರಣದಿಂದಲೂ ಇರಬಹುದು, ಸೌಹಾರ್ದದಿಂದಲೇ ಎಂದು ಓದಬಾರದು. ಇದನ್ನು ನಾವೇ ಮುಂದಾಗಿ ಬರೆದದ್ದು ಪತ್ರಕ್ಕೆ ಬಲ ಕೊಟ್ಟಿತು ಎಂದು ನಂಬುತ್ತೇವೆ. ಉತ್ತರದ ಕೊನೆಯ ಭಾಗ ಹೀಗಿತ್ತು:

‘ಆಳಂದವನ್ನು ಈಗ ಹೆಸರಿಸಿದ್ದೇವೆ. ಆದರೆ ಎರಡು ಸ್ಥಳಗಳ ಪೂರ್ಣ ಹೋಲಿಕೆಗೆ ಬೇಕಾದ ಕ್ಷೇತ್ರಕಾರ್ಯ ನಮ್ಮಲ್ಲಿಲ್ಲ. ಆದ್ದರಿಂದ ಅಷ್ಟೂರಿನಿಂದ ಇಡೀ ಕಲ್ಯಾಣ ಕರ್ನಾಟಕಕ್ಕೆ ತೀರ್ಮಾನ ಎಳೆಯುವ ವಾಕ್ಯವನ್ನು ಉಪಸಂಹಾರದಿಂದ ತೆಗೆದಿದ್ದೇವೆ. ನಮ್ಮ ಸಾಕ್ಷ್ಯ ಉರುಸಿನ ಅವಧಿಗೆ ಸೀಮಿತ, ವರ್ಷದ ಉಳಿದ ದಿನಗಳಿಗಲ್ಲ ಎಂದೂ ಸೇರಿಸಿದ್ದೇವೆ.’

ಸಣ್ಣ ಅಂಶಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇವೆ, ಯಾಕೆಂದರೆ ಅದು ಈ ಕ್ಷೇತ್ರದಲ್ಲಿ ತಪ್ಪದೆ ಬರುತ್ತದೆ. 2.5ರಲ್ಲಿ, ‘ಅಲ್ಲಮ 12ನೇ ಶತಮಾನದವರು, ಅಹಮದ್ ಶಾ 15ನೇ ಶತಮಾನದವನು. ಇಬ್ಬರೂ ಒಬ್ಬರೇ ಎಂದು ಲೇಖಕರು ಹೇಳುತ್ತಿದ್ದಾರೆಯೇ?’ ಎಂದಿತ್ತು. ಹಿಂದಿನ ವಾಕ್ಯ ‘ಅಲ್ಲಮಪ್ರಭುವಿನ ಅವತಾರವಾದ ಅಹಮದ್ ಶಾ’ ಎಂದು ಶುರುವಾಗುತ್ತಿತ್ತು. ಭಕ್ತರ ನಂಬಿಕೆ ಲೇಖಕರ ದನಿಯಲ್ಲಿ ಬಂದರೆ ಇಂಥ ಪ್ರಶ್ನೆ ಏಳುತ್ತದೆ. ಹೊಸ ವಾಕ್ಯ ‘ಲಿಂಗಾಯತ ಭಕ್ತರು ಅಲ್ಲಮಪ್ರಭು ಎಂದು ನಂಬುವ ಅಹಮದ್ ಶಾ’ ಎಂದಾಯಿತು. ಉತ್ತರದಲ್ಲಿ ಹಳೆಯದು, ಹೊಸದು ಎರಡನ್ನೂ ಒಂದರ ಕೆಳಗೊಂದು ಇಟ್ಟು ಮುಗಿಸಿದೆವು. ಇದಕ್ಕೆ ಉದ್ದ ವಿವರಣೆ ಬೇಕಿಲ್ಲ.

ಇನ್ನು ಇಬ್ಬರು ರಿವ್ಯೂವರ್‌ಗಳು ಎದುರುಬದುರು ನಿಂತ ಜಾಗ. ಒಂದನೆಯವರು ಕಾರ್ನೀಲ್ 2008ರ ಪುಸ್ತಕದಲ್ಲಿ ಸಂವಾದಕ್ಕೆ ಬೇಕೆಂದು ಹೇಳುವ ಐದು ಗುಣಗಳನ್ನು, ಅಂದರೆ ವಿನಯ, ಸ್ವಧರ್ಮನಿಷ್ಠೆ, ಪರಸ್ಪರ ಸಂಬಂಧದ ಅರಿವು, ಸಹಾನುಭೂತಿ, ಆತಿಥ್ಯ, ಇವಿಷ್ಟನ್ನೂ ಅಷ್ಟೂರಿಗೆ ಅನ್ವಯಿಸಿ ಎಂದರು. ಎರಡನೆಯವರು ಧರ್ಮಶಾಸ್ತ್ರದ ಭಾಗ ಈಗಲೇ ಭಾರವಾಗಿದೆ, ಕತ್ತರಿಸಿ ಎಂದರು. ಇಂಥಲ್ಲಿ ಇಬ್ಬರಿಗೂ ‘ಮಾಡಿದ್ದೇವೆ’ ಎಂದು ಬರೆಯುವುದು ಆಗದ ಮಾತು, ಯಾಕೆಂದರೆ ಬಹಳ ಜರ್ನಲ್‌ಗಳಲ್ಲಿ ಇಡೀ ಪತ್ರ ಇಬ್ಬರ ಕೈಗೂ ಹೋಗುತ್ತದೆ. ನಿರ್ಧಾರ ನಾವೇ ತೆಗೆದುಕೊಂಡು, ಪತ್ರದ ಮೇಲ್ಭಾಗದಲ್ಲಿ ಸಂಪಾದಕರಿಗೆ ಒಂದು ಪ್ಯಾರಾ ಬರೆದೆವು: 1.2 ಮತ್ತು 2.4 ಒಂದಕ್ಕೊಂದು ವಿರುದ್ಧವಾಗಿವೆ. ಐದರಲ್ಲಿ ಆತಿಥ್ಯ ಒಂದನ್ನೇ ಉಳಿಸಿಕೊಂಡಿದ್ದೇವೆ. ಕಾರಣ, ಉಳಿದವನ್ನು ಪರೀಕ್ಷಿಸಲು ಭಾಗವಹಿಸಿದವರ ಒಳಗಿನ ನಿಲುವು ತಿಳಿಯಬೇಕು, ಆತಿಥ್ಯವನ್ನು ಮಾತ್ರ ನಡವಳಿಕೆಯಲ್ಲಿ ನೋಡಬಹುದು. ಸಂಪಾದಕರಿಗೆ ಬೇರೆ ಅಭಿಪ್ರಾಯವಿದ್ದರೆ ತಿಳಿಸಲಿ. ಆಮೇಲೆ ಎರಡೂ ಅಂಶಗಳ ಕೆಳಗೆ ಈ ಪ್ಯಾರಾವನ್ನು ನೋಡುವಂತೆ ಸೂಚಿಸಿದೆವು.

ಪದಮಿತಿಯೂ ಇದೇ ಜಾಗದಲ್ಲಿ ಕಾಡುತ್ತದೆ. ಟಿಪ್ಪಣಿ ಸೇರಿ 9,000 ಪದ ಮಿತಿ ಇದ್ದು ಲೇಖನ ಆಗಲೇ 8,700ರಲ್ಲಿ ಇದ್ದರೆ, ರಿವ್ಯೂವರ್ ಕೇಳಿದ್ದನ್ನೆಲ್ಲ ಸೇರಿಸಿದಾಗ 900 ಪದ ಹೆಚ್ಚಾದರೆ, 600 ಪದ ಎಲ್ಲಿಂದಾದರೂ ಹೋಗಲೇಬೇಕು. ಹೋದದ್ದನ್ನು ಪತ್ರದಲ್ಲಿ ಹೇಳಬೇಕು. ಯಾಕೆಂದರೆ ಯಾರೋ ಮೆಚ್ಚಿದ ಭಾಗ ಸದ್ದಿಲ್ಲದೆ ಮಾಯವಾದರೆ ಮುಂದಿನ ಸುತ್ತಿನಲ್ಲಿ ಪ್ರಶ್ನೆ ಬರುತ್ತದೆ. ನಾವು ತೆಗೆದದ್ದು ಬಹಮನಿ ಚರಿತ್ರೆಯ ಹಿನ್ನೆಲೆ. ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬಂದ ಇಸವಿ ಗ್ರಂಥದಿಂದ ಗ್ರಂಥಕ್ಕೆ ಬದಲಾಗುತ್ತದೆ, ಆ ಚರ್ಚೆ ಈ ಲೇಖನದ ವಾದಕ್ಕೆ ಬೇಕಿರಲಿಲ್ಲ. ಗುಂಬಜ್‌ ಒಳಗಿನ ಸೂಫಿ ಸಂತ ಶಾ ನಿಅಮತುಲ್ಲಾ ವಲಿಯ ಪಾರಸಿ ಪದ್ಯಗಳ ಬಗ್ಗೆ ಬರೆದ ಪ್ಯಾರಾ ಬಿಡುವುದಕ್ಕೆ ಮಾತ್ರ ಸಂಕಟವಾಯಿತು. ಆ ಬರಹವನ್ನು ಕಣ್ಣಾರೆ ಕಂಡವರಿಗೆ ಅದು ತಿಳಿಯುತ್ತದೆ.

ಪೂರ್ತಿ ನಿರಾಕರಿಸಿದ್ದು ಒಂದೇ ಅಂಶ. ಒಂದನೇ ರಿವ್ಯೂವರ್ ಇದನ್ನು ‘ಸಿಂಕ್ರೆಟಿಸಂ’ ಎಂದು ಕರೆಯಿರಿ, ಶೀರ್ಷಿಕೆಯಲ್ಲೂ ಹಾಕಿ ಎಂದಿದ್ದರು. ಆ ಪರಿಕಲ್ಪನೆ ಎರಡು ಕಲಬೆರಕೆಯಿಲ್ಲದ ಧರ್ಮಗಳು ಮೊದಲು ಇದ್ದವು, ಆಮೇಲೆ ಬೆರೆತವು ಎಂದು ಊಹಿಸುತ್ತದೆ. ಟೋನಿ ಸ್ಟೀವರ್ಟ್ 2001ರಲ್ಲಿ ಬಂಗಾಳದ ಹಿಂದೂ–ಮುಸ್ಲಿಂ ಭೇಟಿಯ ಬಗ್ಗೆ ಬರೆಯುತ್ತ ಈ ಮಾದರಿಯನ್ನು ವಿಮರ್ಶಿಸಿದ್ದಾರೆ. ಅಷ್ಟೂರಿನಲ್ಲಿ ಜಂಗಮರು ಜಂಗಮರಾಗಿಯೇ ಬರುತ್ತಾರೆ, ಗೋರಿಯನ್ನು ನೋಡಿಕೊಳ್ಳುವ ಮುಜಾವರರು ಮುಜಾವರರಾಗಿಯೇ ಎದುರುಗೊಳ್ಳುತ್ತಾರೆ. ಬೆರೆತು ಮೂರನೆಯದೊಂದು ಆಗುವುದಿಲ್ಲ. ನಿರಾಕರಣೆಯನ್ನು ಬರೆಯುವಾಗ ರಿವ್ಯೂವರ್ ಕಂಡದ್ದೇನು ಎಂಬುದನ್ನು ಮೊದಲು ಒಪ್ಪಬೇಕು: ಒಂದೇ ಗೋರಿಗೆ ಎರಡು ಹೆಸರು ಇರುವುದು ಅವರ ಗಮನ ಸೆಳೆದಿದೆ, ಅದು ನಿಜವೂ ಹೌದು. ನಂತರ ಕಾರಣ, ಆಧಾರ. ಕೊನೆಗೆ, ಪದ ಬಳಸದಿದ್ದರೂ ಲೇಖನದಲ್ಲಿ ಏನನ್ನಾದರೂ ಬದಲಿಸಿದ್ದೇವೆಯೇ ಎಂಬುದು. ನಾವು ಆ ಪದವನ್ನು ಯಾಕೆ ಬಳಸುತ್ತಿಲ್ಲ ಎಂದು ಒಂದು ಟಿಪ್ಪಣಿ ಸೇರಿಸಿದೆವು. ಬರಿಗೈಯಲ್ಲಿ ‘ಒಪ್ಪುವುದಿಲ್ಲ’ ಎಂದಾಗ ರಿವ್ಯೂವರ್ ಗಟ್ಟಿಯಾಗಿ ನಿಲ್ಲುತ್ತಾರೆ. ಟಿಪ್ಪಣಿ ಸೇರಿದರೆ ಅವರ ಪ್ರಶ್ನೆಗೆ ಲೇಖನದಲ್ಲೇ ಒಂದು ಜಾಗ ಸಿಕ್ಕಂತಾಗುತ್ತದೆ.

1.3ರ ಒಪ್ಪಿಗೆಯ ಪ್ರಶ್ನೆ ಇವೆಲ್ಲಕ್ಕಿಂತ ಆಳವಾದದ್ದು. ಸಂದರ್ಶನ ಕೊಟ್ಟವರ ಹೆಸರು ಬದಲಿಸಿದ್ದೇವೆ ಎಂಬ ಮಾಮೂಲು ಉತ್ತರ ಇಲ್ಲಿ ನಡೆಯುವುದಿಲ್ಲ. ಮಾಡಿಯಾಳದಿಂದ ಉರುಸಿಗೆ ಬರುವ ಜಂಗಮರು ಎಂದರೆ ಸಾಕು, ಆ ಭಾಗದ ಯಾರಿಗಾದರೂ ವ್ಯಕ್ತಿ ತಿಳಿಯುತ್ತದೆ. ಸ್ಥಾನವೇ ಗುರುತು. ದರ್ಗಾ, ಮಠ, ಗುರುದ್ವಾರದ ಹೊಣೆ ಹೊತ್ತವರ ಬಗ್ಗೆ ಬರೆಯುವ ಎಲ್ಲರಿಗೂ ಈ ತೊಡಕು ಇದೆ. ಇದಕ್ಕೆ ಆರಂಭದಲ್ಲಿ ಪಡೆದ ಸಹಿ ಸಾಲದು, ಅಚ್ಚಾಗಲಿರುವ ಮಾತಿಗೇ ಬೇರೆಯಾಗಿ ಒಪ್ಪಿಗೆ ಬೇಕು. ಲೇಖನದಲ್ಲಿ ಉಳಿಯುವ ಪ್ರತಿ ಉಲ್ಲೇಖವನ್ನು ಮಾತಾಡಿದವರ ಭಾಷೆಗೆ ತಿರುಗಿಸಿ, ಜಂಗಮರ ಕಡೆಯವರಿಗೆ ಕನ್ನಡದಲ್ಲಿ, ಮುಜಾವರರ ಕಡೆಯವರಿಗೆ ದಖನಿಯಲ್ಲಿ ಓದಿ ಹೇಳಿ, ಬೇಡವೆಂದದ್ದನ್ನು ಬಿಟ್ಟೆವು. ಇದರ ಜೊತೆ ಇನ್ನೊಂದನ್ನೂ ಕೇಳಬೇಕಾಗುತ್ತದೆ: ‘ನೀವು ಹೀಗೆ ಹೇಳಿದ್ದು ಇನ್ನೊಂದು ಕಡೆಯವರು ಓದಿದರೆ ತೊಂದರೆಯೇ?’ ಬಿಟ್ಟುಕೊಟ್ಟ ವಿಷಯದ ಬಗ್ಗೆ ಒಬ್ಬರು ಮನೆಯೊಳಗೆ ಆಡಿದ ಮಾತು ಅಚ್ಚಾದರೆ ಮುಂದಿನ ವರ್ಷದ ಮಾತುಕತೆಯೇ ಕೆಡಬಹುದು. ಪತ್ರದಲ್ಲಿ ವಿಧಾನವನ್ನು ವಿವರಿಸಿ, ಕೆಲವು ಉಲ್ಲೇಖಗಳನ್ನು ಹಿಂದಕ್ಕೆ ಪಡೆದಿದ್ದೇವೆ ಎಂದಷ್ಟೇ ಬರೆದೆವು. ಯಾವುವು ಎಂದು ಪಟ್ಟಿ ಕೊಟ್ಟರೆ ಕಾಪಾಡಿದ್ದನ್ನು ನಾವೇ ಹೊರಗೆ ಹಾಕಿದಂತಾಗುತ್ತದೆ.

ಪತ್ರದ ಗೋಪ್ಯತೆ ಇನ್ನೊಂದು ಬಗೆಯದು. ಲೇಖಕರ ಹೆಸರು ಕಾಣದ ಪರಿಶೀಲನೆಯಲ್ಲಿ ಲೇಖನದಿಂದ ಹೆಸರು ತೆಗೆದವರು ಉತ್ತರ ಪತ್ರದಲ್ಲಿ ‘ನಮ್ಮ ವಿಶ್ವವಿದ್ಯಾಲಯದ ನೀತಿ ಸಮಿತಿಯ ಅನುಮತಿ ಸಂಖ್ಯೆ’ ಎಂದು ಬರೆದುಬಿಡುತ್ತಾರೆ. ಅಂಥ ವಿವರ ಸಂಪಾದಕರಿಗೆ ಬರೆಯುವ ಬೇರೆ ಕವರ್ ಲೆಟರ್‌ನಲ್ಲಿ ಇರಬೇಕು. ಫೈಲಿನ ಒಳಗೂ ಹೆಸರು ಉಳಿದಿರುತ್ತದೆ: ವರ್ಡ್‌ನಲ್ಲಿ File, Info, Check for Issues, Inspect Document ಎಂಬಲ್ಲಿ ಹೋಗಿ ಅದನ್ನು ತೆಗೆಯಬಹುದು. ಹಾಗೆ ತೆಗೆದಾಗ ಟ್ರ್ಯಾಕ್ ಚೇಂಜಸ್‌ನಲ್ಲಿ ತಿದ್ದಿದವರ ಹೆಸರಿನ ಬದಲು Author ಎಂದು ಮಾತ್ರ ಕಾಣುತ್ತದೆ.

ಸಾಲುಸಂಖ್ಯೆಯನ್ನು ಎಲ್ಲ ಮುಗಿದ ಮೇಲೆ ತುಂಬಬೇಕು. ತಿದ್ದುಪಡಿ ಕಾಣುವಂತೆ ಇಟ್ಟ ಪ್ರತಿಯಲ್ಲಿ ಸಾಲು 212 ಆಗಿರುವುದು ಶುದ್ಧ ಪ್ರತಿಯಲ್ಲಿ 188 ಆಗಿರಬಹುದು. ಯಾವ ಪ್ರತಿಯ ಸಂಖ್ಯೆ ಎಂದು ಪತ್ರದ ಮೊದಲಲ್ಲೇ ಒಮ್ಮೆ ಹೇಳಿ, ಅದನ್ನೇ ಕೊನೆಯವರೆಗೆ ಹಿಡಿಯಬೇಕು. ನಾವು ಶುದ್ಧ ಪ್ರತಿಯನ್ನು ಪಿಡಿಎಫ್ ಮಾಡಿ, ಅದರಲ್ಲಿ ಕಂಡ ಸಂಖ್ಯೆಯನ್ನೇ ಕೊಟ್ಟೆವು. ಕನ್ನಡ ಉಲ್ಲೇಖಗಳಿದ್ದರೆ ಪಿಡಿಎಫ್‌ನಲ್ಲಿ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವಚನದ ಸಾಲು ಯೂನಿಕೋಡ್‌ಗೆ ಬದಲಾಗದೆ ಉಳಿದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ.

ಎರಡನೇ ಸುತ್ತಿನಲ್ಲಿ ಒಂದನೇ ರಿವ್ಯೂವರ್‌ ಅವರಿಂದ ಯಾವ ಬೇಡಿಕೆಯೂ ಬರಲಿಲ್ಲ, ಸಿಂಕ್ರೆಟಿಸಂ ಬಗ್ಗೆಯೂ ಇಲ್ಲ. ಎರಡನೆಯವರು ಒಂದನ್ನು ಕೇಳಿದರು: ಸಾಕ್ಷ್ಯ ಉರುಸಿನ ಅವಧಿಗೆ ಸೀಮಿತ ಎಂಬ ಮಾತು ಉಪಸಂಹಾರದಲ್ಲಿ ಅಡಗಿದೆ, ಅದು ಪೀಠಿಕೆಯಲ್ಲಿ ಬರಲಿ. ಅದನ್ನು ಪೀಠಿಕೆಯ ಮೂರನೇ ಪ್ಯಾರಾಕ್ಕೆ ತಂದು, ಹೊಸ ಸಾಲುಸಂಖ್ಯೆ ಕೊಟ್ಟು, ಒಂದೇ ಅಂಶದ ಪತ್ರವನ್ನು ಮತ್ತೆ ಕಳಿಸಿದೆವು.